ಕೈ-ಕಾಲು-ಬಾಯಿ ಗುಳ್ಳೆ: ಯಾವ ದಿನ ಎಲ್ಲಿ ಏಳ್ತದೆ, ಎಷ್ಟು ದಿನಕ್ಕೆ ಹೋಗ್ತದೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಾವು ಹೊಸನಗರದ ಹತ್ರ ಹಳ್ಳಿಯವ್ರು. ಮಗನಿಗೆ ಎರಡು ವರ್ಷ ಎರಡು ತಿಂಗಳು, ತೂಕ 11 ಕೆಜಿ. ಸೋಮವಾರ ರಾತ್ರಿ ಜ್ವರ ಬಂತು, ಬುಧವಾರದಿಂದ ಬಾಯಲ್ಲಿ ಜೊಲ್ಲು ಸುರಿತಾ ಇದೆ, ಊಟ ಬಾಯಿಗಿಟ್ರೆ ಅಳ್ತಾನೆ. ಇವತ್ತು ಗುರುವಾರ ಬೆಳಗ್ಗೆ ನೋಡಿದ್ರೆ ಅಂಗೈ, ಅಂಗಾಲು, ಕುಂಡೆ ಮೇಲೆಲ್ಲ ಬೊಕ್ಕೆ. ಅತ್ತೆಯವ್ರು ಅಮ್ಮ ಬಂದಿದೆ ಸ್ನಾನ ಮಾಡಿಸ್ಬೇಡ ಅಂತಾರೆ, ಪಕ್ಕದ ಮನೆಯವ್ರು ಕೊಟ್ಟಿಗೆಯಿಂದ ಬಂದ ಕಾಲುಬಾಯಿ ಜ್ವರ ಅಂತಾರೆ (ಹೋದ ತಿಂಗಳು ನಮ್ಮ ದನಕ್ಕೆ ಆಗಿತ್ತು). ಇದು ಏನು, ಇನ್ನೂ ಎಲ್ಲೆಲ್ಲಿ ಏಳ್ತದೆ, ಎಷ್ಟು ದಿನ ಇರ್ತದೆ? ಮನೇಲಿ ನನ್ನ ವಾರಗಿತ್ತಿಯ ಮೂರು ತಿಂಗಳ ಮಗುನೂ ಇದೆ.

ಉತ್ತರ: ತಾಯಿ, ನೀವು ದಿನದ ಲೆಕ್ಕ ಸರಿಯಾಗಿ ಬರೆದಿದ್ದು ತುಂಬಾ ಒಳ್ಳೇದಾಯ್ತು, ಈ ಕಾಯಿಲೆಯಲ್ಲಿ ಅರ್ಧ ಗುರುತು ಸಿಗೋದೇ ಆ ಕ್ರಮದಿಂದ. ಮೊದಲು ಜ್ವರ, ಒಂದೆರಡು ದಿನ ಬಿಟ್ಟು ಬಾಯಿ ಹುಣ್ಣು, ಅದರ ಹಿಂದೆಯೇ ಕೈ ಕಾಲು ಕುಂಡೆ ಮೇಲೆ ಗುಳ್ಳೆ. ಎರಡು ವರ್ಷದ ಮಗುವಿಗೆ ಈ ಮೂರೂ ಇದೇ ಸಾಲಿನಲ್ಲಿ ಬಂದ್ರೆ ಅದು ಹೆಚ್ಚಾಗಿ ಹ್ಯಾಂಡ್ ಫುಟ್ ಮೌತ್ ಡಿಸೀಸ್, ನಮ್ಮ ಕಡೆ ಈಗ ಎಲ್ರೂ ಎಚ್‌ಎಫ್‌ಎಂಡಿ ಅಂತಾನೇ ಹೇಳ್ತಾರೆ. 2022ರಲ್ಲಿ ಕೇರಳದಿಂದ ಟೊಮೇಟೊ ಫ್ಲೂ ಅಂತ ದೊಡ್ಡ ಸುದ್ದಿಯಾಯ್ತಲ್ಲ, ಅದೂ ಇದರದ್ದೇ ಒಂದು ರೂಪ ಅಂತ ಆಮೇಲೆ ಗೊತ್ತಾಯ್ತು. ಹತ್ತಿರದ ಡಾಕ್ಟ್ರ ಹತ್ರ ಒಂದ್ಸಲ ಕಣ್ಣಲ್ಲಿ ನೋಡಿಸ್ಕೊಳ್ಳಿ, ಅವರು ನೋಡಿಯೇ ಹೇಳ್ತಾರೆ, ಬೇರೆ ತೊಂದರೆ ಇಲ್ಲದಿದ್ರೆ ರಕ್ತ ಪರೀಕ್ಷೆ ಬೇಕಾಗೋದಿಲ್ಲ.

ಮೊದಲು ದನದ ವಿಷಯ ಮುಗಿಸ್ತೇನೆ, ಯಾಕಂದ್ರೆ ಪಕ್ಕದ ಮನೆಯವರ ಮಾತು ಕೇಳಿ ನೀವು ಮಗುವಿಗೆ ಹಾಲು ಕೊಡೋದು ನಿಲ್ಲಿಸಿಬಿಟ್ರೆ ಈಗಿನ ಪರಿಸ್ಥಿತಿಯಲ್ಲಿ ಅದು ಕಷ್ಟ. ದನಕ್ಕೆ ಬರೋ ಕಾಲುಬಾಯಿ ಜ್ವರದ ವೈರಸ್ ಬೇರೆ, ಮಕ್ಕಳಿಗೆ ಬರೋ ಇದರ ವೈರಸ್ ಬೇರೆ. ಇದನ್ನ ತರೋದು ಎಂಟೆರೋವೈರಸ್ ಅನ್ನೋ ಗುಂಪು, ಅದರಲ್ಲಿ ಕಾಕ್ಸಾಕಿ ಎ16, ಕಾಕ್ಸಾಕಿ ಎ6 ಅನ್ನೋವು ಜಾಸ್ತಿ, ಎಂಟೆರೋವೈರಸ್ ಎ71 ಅಂತ ಇನ್ನೊಂದಿದೆ ಅದರ ಬಗ್ಗೆ ಆಮೇಲೆ ಹೇಳ್ತೇನೆ. ಇವು ಮನುಷ್ಯರಿಂದ ಮನುಷ್ಯರಿಗೆ ಹೋಗೋವು, ಕೊಟ್ಟಿಗೆಯಿಂದ ಬಂದಿದ್ದಲ್ಲ, ಮಗನಿಂದ ದನಕ್ಕೂ ಹೋಗೋದಿಲ್ಲ. ಹಾಲು ಯಾವಾಗಿನ ಹಾಗೆ ಚೆನ್ನಾಗಿ ಕಾಯಿಸಿ, ಆರಿಸಿ ಕೊಡಿ. ವೈರಸ್ ಮೈಗೆ ಸೇರಿ ಮೂರರಿಂದ ಆರು ದಿನಕ್ಕೆ ಜ್ವರ ಶುರುವಾಗ್ತದೆ, ಹಾಗಾಗಿ ಸೋಮವಾರದಿಂದ ಹಿಂದಕ್ಕೆ ಎಣಿಸಿದ್ರೆ ಅವನಿಗೆ ಹಿಂದಿನ ವಾರದ ಮಂಗಳವಾರದಿಂದ ಶುಕ್ರವಾರದೊಳಗೆ ಎಲ್ಲೋ ಅಂಟಿದೆ. ಅಂಗನವಾಡಿ, ಯಾರದ್ದಾದ್ರೂ ಮನೆ ಕಾರ್ಯಕ್ರಮ, ಜೊತೆಗೆ ಆಡಿದ ಮಗು, ಈ ಮೂರರಲ್ಲಿ ಒಂದನ್ನ ನೆನಪು ಮಾಡ್ಕೊಂಡ್ರೆ ಸಾಕು, ಆ ಮನೆಯವರಿಗೂ ಒಂದು ಮಾತು ಹೇಳಿ.

ಈಗ ಗುಳ್ಳೆ ಎಲ್ಲಿ ಏಳ್ತದೆ ಅನ್ನೋದು. ಬಾಯಿಂದ ಶುರು ಮಾಡೋಣ, ಯಾಕಂದ್ರೆ ಮಗುವಿಗೆ ನಿಜವಾಗಿ ನೋವು ಕೊಡೋದು ಅದೇ, ಕೈಕಾಲಿನದ್ದು ನೋಡೋಕೆ ಮಾತ್ರ ಹೆದರಿಕೆ. ಬೆಳಕಿನ ಕಡೆ ಮುಖ ಮಾಡಿ ಮಗುವನ್ನ ತೊಡೆ ಮೇಲೆ ಮಲಗಿಸ್ಕೊಂಡು, ಮೊಬೈಲ್ ಟಾರ್ಚ್ ಹಾಕಿ, ಅಳೋವಾಗ ಬಾಯಿ ತೆರೀತದಲ್ಲ ಆಗ ನೋಡಿ, ಚಮಚ ತುರುಕೋದು ಬೇಡ. ನಾಲಿಗೆಯ ತುದಿ ಮತ್ತು ಎರಡೂ ಅಂಚು, ಕೆನ್ನೆಯ ಒಳಭಾಗ, ಮೇಲಿನ ಅಂಗಳ, ಇಲ್ಲೆಲ್ಲ ಮೊದಲು ಸಣ್ಣ ಕೆಂಪು ಚುಕ್ಕೆ ಬರ್ತದೆ, ಅದು ನೀರುಗುಳ್ಳೆ ಆಗ್ತದೆ, ಆದ್ರೆ ಬಾಯೊಳಗೆ ಗುಳ್ಳೆ ತುಂಬಾ ಹೊತ್ತು ಉಳಿಯೋದಿಲ್ಲ, ಒಡೆದು ನಡುವೆ ಹಳದಿ ಬೂದು ಬಣ್ಣ, ಸುತ್ತ ಕೆಂಪು ಅಂಚು ಇರೋ ಹುಣ್ಣಾಗ್ತದೆ. ತಾಯಂದಿರಿಗೆ ಗುಳ್ಳೆ ಕಾಣೋದೇ ಅಪರೂಪ, ಕಾಣೋದು ಈ ಹುಣ್ಣು. ಬುಧವಾರದಿಂದ ಜೊಲ್ಲು ಅಂತ ಬರೆದಿದ್ದೀರಲ್ಲ, ಅದು ಹಲ್ಲು ಬರೋ ಜೊಲ್ಲಲ್ಲ, ಎಂಜಲು ನುಂಗೋಕೂ ನೋವು ಅಂತ ಹೊರಗೆ ಬಿಡ್ತಾ ಇದ್ದಾನೆ.

ಒಸಡನ್ನೂ ನೋಡಿ. ಒಸಡು ಕೆಂಪಾಗಿ ಊದಿಕೊಂಡು, ಮುಟ್ಟಿದ್ರೆ ರಕ್ತ ಬರ್ತಾ ಇದ್ದು ತುಟಿ ಮೇಲೂ ಗುಂಪುಗುಂಪಾಗಿ ಗುಳ್ಳೆ ಇದ್ದು, ಕೈಕಾಲಲ್ಲಿ ಏನೂ ಇಲ್ಲದಿದ್ರೆ ಅದು ಹರ್ಪಿಸ್ ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ, ಜ್ವರನೂ ಜಾಸ್ತಿ ದಿನ ಇರ್ತದೆ. ನಿಮ್ಮ ಮಗನಿಗೆ ಕೈಕಾಲಲ್ಲೂ ಬಂದಿರೋದ್ರಿಂದ ಆ ಕಡೆ ಯೋಚನೆ ಕಡಿಮೆ.

ಕೈಯಲ್ಲಿ ಅಂಗೈ, ಬೆರಳಿನ ಬದಿ, ಕಾಲಲ್ಲಿ ಅಂಗಾಲು, ಹಿಮ್ಮಡಿ ಅಂಚು, ಕಾಲ್ಬೆರಳು, ಇವು ಇದರ ಖಾಸಾ ಜಾಗ. ಇಲ್ಲಿ ಗುಳ್ಳೆ ದುಂಡಗಿರೋದಿಲ್ಲ, ಅಕ್ಕಿಕಾಳಿನ ಹಾಗೆ ಉದ್ದುದ್ದ, ನಡುವೆ ಬೂದು ಬಿಳಿ, ಸುತ್ತ ಕೆಂಪು ಉಂಗುರ, ಅಂಗೈ ಗೆರೆ ಹೋದ ಕಡೆಗೇ ಅದೂ ಮಲಗಿರ್ತದೆ. ಮಗು ಮೈಬಣ್ಣ ಕಪ್ಪಗಿದ್ರೆ ಕೆಂಪು ಅಷ್ಟಾಗಿ ಕಾಣೋದಿಲ್ಲ, ಬೂದು ಅಥವಾ ಕಂದು ಚುಕ್ಕೆ ಕಂಡ ಹಾಗೆ ಕಾಣ್ತದೆ, ಅದಕ್ಕೇ ಎಷ್ಟೋ ಮನೇಲಿ ಒಂದು ದಿನ ತಡವಾಗಿ ಗೊತ್ತಾಗೋದು. ಕುಂಡೆ ಮೇಲೆ, ಮೊಣಕಾಲು, ಮೊಣಕೈ ಹತ್ರ ಬರೋದು ನೀರುಗುಳ್ಳೆಗಿಂತ ಜಾಸ್ತಿ ಕೆಂಪು ಬೊಕ್ಕೆ ಥರ ಇರ್ತದೆ, ಡೈಪರ್ ರ‍್ಯಾಶ್ ಅಂತ ಪೌಡರ್ ಹಾಕ್ತಾ ಕೂತವರನ್ನ ನಾನು ಪ್ರತಿ ಮಳೆಗಾಲ ನೋಡ್ತೇನೆ. ಕಾಕ್ಸಾಕಿ ಎ6 ಆದ್ರೆ ಇನ್ನೂ ಹರಡ್ತದೆ, ಬಾಯಿ ಸುತ್ತ, ತೋಳು, ತೊಡೆ, ಕೆಲವ್ರಿಗೆ ದೊಡ್ಡ ದೊಡ್ಡ ನೀರುಗುಳ್ಳೆ, ಮೊದಲಿಂದ ಎಕ್ಸಿಮಾ ಇರೋ ಮಗು ಆದ್ರೆ ಆ ಒಣಚರ್ಮದ ಜಾಗದಲ್ಲೇ ದಟ್ಟವಾಗಿ ಏಳ್ತದೆ. ನೋಡಿದ್ರೆ ಎದೆ ಝಲ್ ಅನ್ನಿಸ್ತದೆ ನಿಜ, ಆದ್ರೆ ಚರ್ಮದ ಮೇಲೆ ಎಷ್ಟು ಗುಳ್ಳೆ ಇದೆ ಅನ್ನೋದ್ರಿಂದ ಕಾಯಿಲೆ ಎಷ್ಟು ಜೋರು ಅಂತ ಹೇಳೋಕಾಗೋದಿಲ್ಲ.

ಅತ್ತೆಯವರಿಗೆ ಅಮ್ಮ ಅಂತ ಅನ್ನಿಸಿದ್ದು ಸಹಜ. ವ್ಯತ್ಯಾಸ ನೋಡೋದು ಹೀಗೆ: ಚಿಕನ್ ಪಾಕ್ಸ್ ಆದ್ರೆ ಗುಳ್ಳೆ ಜಾಸ್ತಿ ಇರೋದು ಎದೆ, ಬೆನ್ನು, ಹೊಟ್ಟೆ, ಮುಖ, ತಲೆಕೂದಲ ಒಳಗೆ, ವಿಪರೀತ ತುರಿಕೆ, ಒಂದು ಕಡೆ ಒಣಗ್ತಾ ಇದ್ದ ಹಾಗೆ ಇನ್ನೊಂದು ಕಡೆ ಹೊಸದು ಏಳ್ತಾ ಇರ್ತದೆ, ಅಂಗೈ ಅಂಗಾಲಲ್ಲಿ ಬರೋದು ಕಡಿಮೆ. ನಿಮ್ಮ ಮಗನದ್ದು ಪೂರ್ತಿ ಉಲ್ಟಾ, ಮೈ ನಡುಭಾಗ ಬಿಟ್ಟು ತುದಿಗಳಲ್ಲಿ ಬಂದಿದೆ. ಇನ್ನು ಮಳೆಗಾಲದ ಕಜ್ಜಿ, ಅದು ಬೆರಳ ಸಂದಿಯಲ್ಲಿ, ರಾತ್ರಿ ತುರಿಕೆ, ಮನೆಯಲ್ಲಿ ಇನ್ನೊಬ್ರಿಗೂ ಇರ್ತದೆ, ಜ್ವರ ಇರೋದಿಲ್ಲ. ಅತ್ತೆಯವರ ಮನಸ್ಸಿಗೆ ಸಮಾಧಾನ ಆಗೋದಾದ್ರೆ ಬಾಗಿಲಿಗೆ ಬೇವು ಕಟ್ಟಲಿ, ಅದರಿಂದ ಮಗುವಿಗೆ ಏನೂ ಆಗೋದಿಲ್ಲ, ಆದ್ರೆ ಸ್ನಾನ ನಿಲ್ಲಿಸೋದು, ಪಥ್ಯ ಅಂತ ಹಾಲು ಮೊಸರು ನಿಲ್ಲಿಸೋದು ಬೇಡ. ಉಗುರುಬೆಚ್ಚಗಿನ ನೀರಲ್ಲಿ ದಿನಾ ಸ್ನಾನ ಮಾಡಿಸಿ, ಉಜ್ಜಬೇಡಿ, ಮೆತ್ತಗೆ ಒರೆಸಿ. ಗುಳ್ಳೆ ಒಡೆಯೋದು, ಅರಿಶಿನ, ಸುಣ್ಣ ಹಚ್ಚೋದು ಯಾವುದೂ ಬೇಡ, ತಾನಾಗೇ ಒಣಗ್ತದೆ, ಕಲೆ ಉಳಿಯೋದಿಲ್ಲ.

ಎಷ್ಟು ದಿನ ಅಂತ ಕೇಳಿದ್ರಿ. ಒಟ್ಟು ಏಳರಿಂದ ಹತ್ತು ದಿನ ಅಂತ ಎಲ್ಲ ಕಡೆ ಬರೆದಿರ್ತದೆ, ಅದು ಸರಿಯೇ, ಆದ್ರೆ ಆ ಹತ್ತು ದಿನ ಒಂದೇ ಥರ ಇರೋದಿಲ್ಲ ಅನ್ನೋದು ತಾಯಂದಿರಿಗೆ ಗೊತ್ತಿದ್ರೆ ಅರ್ಧ ಗಾಬರಿ ಹೋಗ್ತದೆ. ನಿಮ್ಮ ಮಗನದ್ದೇ ಲೆಕ್ಕ ಹಾಕೋಣ. ಸೋಮವಾರ ಒಂದನೇ ದಿನ. ಜ್ವರ ಸಾಮಾನ್ಯವಾಗಿ ಎರಡು ಮೂರು ದಿನ, ಅಂದ್ರೆ ಇವತ್ತು ನಾಳೆಯೊಳಗೆ ಇಳೀಬೇಕು. ಬಾಯಿ ನೋವು ಇವತ್ತು, ಶುಕ್ರವಾರ, ಶನಿವಾರ ಜೋರಾಗಿರ್ತದೆ, ಇವತ್ತಿಗಿಂತ ನಾಳೆ ಜಾಸ್ತಿ ಅನ್ನಿಸಿದ್ರೂ ಅನ್ನಿಸಬಹುದು, ಜ್ವರ ಇಳಿದ ಮೇಲೂ ಊಟ ಮಾಡ್ತಿಲ್ಲ ಅಂತ ಆಗ ಗಾಬರಿ ಆಗ್ಬೇಡಿ, ಈ ಕಾಯಿಲೆ ಇರೋದೇ ಹಾಗೆ. ಭಾನುವಾರ ಸೋಮವಾರದ ಹೊತ್ತಿಗೆ ಲೋಟ ಕೇಳಿ ತಗೊಂಡು ಕುಡಿಯೋಕೆ ಶುರು ಮಾಡ್ತಾನೆ. ಕೈಕಾಲಿನ ಗುಳ್ಳೆ ನಾಳೆ ನಾಡಿದ್ದು ಇನ್ನೊಂದಿಷ್ಟು ಏಳಬಹುದು, ಆಮೇಲೆ ಹೊಸದು ಬರೋದು ನಿಂತು, ಇದ್ದದ್ದು ಬತ್ತಿ ಕಂದು ಚುಕ್ಕೆ ಆಗಿ ಮುಂದಿನ ಬುಧವಾರ ಗುರುವಾರದ ಹೊತ್ತಿಗೆ ಚಪ್ಪಟೆ ಆಗಿರ್ತದೆ. ನಡೆಯೋವಾಗ ಅಂಗಾಲು ನೋಯ್ತದೆ ಅಂತ ಎತ್ಕೋ ಅಂತಾನೆ, ಎರಡು ಮೂರು ದಿನ ಎತ್ಕೊಳ್ಳಿ, ಅದೇನೂ ಹಟ ಅಲ್ಲ.

ಹಾಗಾಗಿ ನಿಮ್ಮ ಕೆಲಸ ಇರೋದು ಮುಂದಿನ ಮೂರು ದಿನ, ಅದೂ ಬಾಯಿಯದ್ದು. ಈ ಕಾಯಿಲೆಯಿಂದ ನಮ್ಮ ಹತ್ರ ಅಡ್ಮಿಟ್ ಆಗೋ ಮಕ್ಕಳಲ್ಲಿ ಹೆಚ್ಚಿನವ್ರು ಬರೋದು ನೀರು ಒಳಗೆ ಹೋಗದೆ ಒಣಗಿ ಹೋಗಿ.

ನೋವಿಗೆ ಪ್ಯಾರಾಸಿಟಮಾಲ್. ಜ್ವರ ಇಲ್ಲ ಅಂತ ಔಷಧಿ ನಿಲ್ಲಿಸಿಬಿಡ್ತಾರೆ ಎಲ್ರೂ, ಇಲ್ಲಿ ಅದನ್ನ ಕೊಡೋದು ಬಾಯಿ ನೋವಿಗೂ ಹೌದು, ಆದ್ದರಿಂದ ಈ ಎರಡು ಮೂರು ದಿನ ಜ್ವರ ಇರ್ಲಿ ಬಿಡ್ಲಿ, ಕೊಡಿ, ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಕೊಟ್ರೆ ಆ ಹೊತ್ತಿಗೆ ನೋವು ಸ್ವಲ್ಪ ಕಡಿಮೆಯಾಗಿ ನಾಲ್ಕು ಚಮಚ ಜಾಸ್ತಿ ಹೋಗ್ತದೆ. ಡೋಸ್ ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂವರೆಗೆ, 11 ಕೆಜಿ ಮಗುವಿಗೆ 150 ಮಿಲಿಗ್ರಾಂ ಕೊಡಬಹುದು. ಆದ್ರೆ ಬಾಟ್ಲಿ ಮೇಲೆ ಬರೆದಿದ್ದು ಓದಿ, ಇಲ್ಲೇ ಎಡವಟ್ಟು ಆಗೋದು: 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಅಂತಿದ್ರೆ 6 ಎಂಎಲ್, 5 ಎಂಎಲ್‌ನಲ್ಲಿ 250 ಅಂತಿದ್ರೆ 3 ಎಂಎಲ್ ಮಾತ್ರ, ಒಂದು ಎಂಎಲ್‌ಗೆ 100 ಅಂತ ಇರೋ ಡ್ರಾಪ್ಸ್ ಆದ್ರೆ ಒಂದೂವರೆ ಎಂಎಲ್. ಒಂದೇ ಕಂಪನಿಯದ್ದೇ ಎರಡು ಸ್ಟ್ರೆಂತ್‌ನ ಬಾಟ್ಲಿ ಒಂದೇ ಥರ ಕಾಣ್ತವೆ. ಆರು ಗಂಟೆಗೊಂದು ಸಲ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ, ಶೀತ ಜ್ವರದ ಬೇರೆ ಸಿರಪ್ ಕೊಡ್ತಾ ಇದ್ರೆ ಅದರಲ್ಲೂ ಪ್ಯಾರಾಸಿಟಮಾಲ್ ಇದೆಯಾ ಅಂತ ನೋಡ್ಕೊಳ್ಳಿ.

ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಸಿರಪ್ ಮೆಡಿಕಲ್ ಶಾಪಲ್ಲಿ ಕೇಳಿ ತಂದು ನೀವಾಗೇ ಕೊಡ್ಬೇಡಿ. ನೀರು ಕುಡಿಯದೆ ಒಣಗಿರೋ ಮಗುವಿನ ಕಿಡ್ನಿಗೆ ಅದು ಒಳ್ಳೇದಲ್ಲ, ಮೇಲಾಗಿ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಡೆಂಗ್ಯೂ ಇರ್ತದೆ, ಡೆಂಗ್ಯೂ ಅನುಮಾನ ಇರೋವಾಗ ಆ ಔಷಧಿ ರಕ್ತಸ್ರಾವಕ್ಕೆ ದಾರಿ. ಆಸ್ಪಿರಿನ್ ಅಂತೂ ಮಕ್ಕಳಿಗೆ ಬೇಡವೇ ಬೇಡ. ಬಾಯಿ ಹುಣ್ಣಿಗೆ ದೊಡ್ಡವರು ಹಚ್ಚೋ ಜೆಲ್ ಮನೇಲಿರ್ತದಲ್ಲ, ಅದರಲ್ಲಿ ಸ್ಯಾಲಿಸಿಲೇಟ್ ಅಥವಾ ಮರಗಟ್ಟಿಸೋ ಲಿಗ್ನೊಕೇನ್, ಬೆಂಜೊಕೇನ್ ಇರ್ತದೆ, ಇಷ್ಟು ಸಣ್ಣ ಮಗು ಅದನ್ನ ನುಂಗಿಬಿಡ್ತದೆ, ಹಚ್ಬೇಡಿ. ಆ್ಯಂಟಿಬಯಾಟಿಕ್‌ನಿಂದ ವೈರಸ್‌ಗೆ ಏನೂ ಆಗೋದಿಲ್ಲ, ಗುಳ್ಳೆ ಕೆರೆದು ಕೀವಾಗಿ ಸುತ್ತ ಕೆಂಪು ಹರಡಿದ್ರೆ ಮಾತ್ರ ಡಾಕ್ಟ್ರು ಬರೆದುಕೊಡ್ತಾರೆ. ಅಸೈಕ್ಲೋವಿರ್ ಹರ್ಪಿಸ್‌ಗೆ, ಇದಕ್ಕಲ್ಲ.

ಈಗ ಕುಡಿಸೋದು. 11 ಕೆಜಿ ಮಗುವಿಗೆ ದಿನಕ್ಕೆ ಹಾಲು, ನೀರು, ಗಂಜಿ ಎಲ್ಲ ಸೇರಿ ಸುಮಾರು ಒಂದು ಲೀಟರ್ ಬೇಕು. ಲೋಟದಲ್ಲಿ ಕೊಟ್ರೆ ಒಂದು ಗುಟುಕಿಗೆ ಚುರ್ ಅಂದು ತಳ್ಳಿಬಿಡ್ತಾನೆ, ಆಮೇಲೆ ಲೋಟ ನೋಡಿದ್ರೇ ಬಾಯಿ ಮುಚ್ಕೊಳ್ತಾನೆ. ಅದಕ್ಕೆ 5 ಎಂಎಲ್ ಚಮಚ ಅಥವಾ ಔಷಧಿ ಸಿರಿಂಜ್ ತಗೊಂಡು (ಸೂಜಿ ಇಲ್ಲದ್ದು) ಕೆನ್ನೆ ಬದಿಗೆ ಮೂರು ನಿಮಿಷಕ್ಕೊಂದು ಸಲ ಬಿಡಿ. ಕೇಳೋಕೆ ಏನೂ ಅಲ್ಲ ಅನ್ನಿಸ್ತದೆ, ಆದ್ರೆ ಗಂಟೆಗೆ ಇಪ್ಪತ್ತು ಸಲ ಆಯ್ತು, ಅಂದ್ರೆ 100 ಎಂಎಲ್, ಮನೇಲಿ ನಾಲ್ಕು ಜನ ಪಾಳಿ ಮೇಲೆ ಕೂತ್ರೆ ಹಗಲು ಹೊತ್ತಿನಲ್ಲೇ ಒಂದು ಲೀಟರ್ ಹತ್ರ ಹೋಗ್ತದೆ. ಅತ್ತೆಯವರಿಗೆ ಈ ಕೆಲಸ ಕೊಡಿ, ಮಕ್ಕಳಿಗೆ ಹೀಗೆ ಕೂತು ಕುಡಿಸೋ ತಾಳ್ಮೆ ಅಜ್ಜಿಯಂದಿರಿಗೆ ಇರೋ ಹಾಗೆ ಬೇರೆಯವರಿಗೆ ಇರೋದಿಲ್ಲ. ಬಾಟ್ಲಿ ನಿಪ್ಪಲ್ ಬೇಡ, ಚೀಪೋವಾಗ ಅಂಗಳದ ಹುಣ್ಣಿಗೆ ತಾಗ್ತದೆ. ಇನ್ನೂ ಎದೆಹಾಲು ಕುಡಿತಾ ಇದ್ರೆ ಮಾತ್ರ ಖಂಡಿತ ಕೊಡಿ.

ತಣ್ಣಗಿರೋದು, ಸಪ್ಪೆ ಇರೋದು, ನುಣ್ಣಗಿರೋದು, ಈ ಮೂರು ಗುಣ ಇದ್ರೆ ಸಾಕು. ಆರಿದ ರಾಗಿ ಸರಿ, ಕುಚ್ಚಲಕ್ಕಿ ಗಂಜಿ ತಿಳಿ, ಎಳನೀರು, ಹುಳಿ ಬಾರದ ಮೊಸರು, ಮೆಣಸು ಹಾಕದ ನೀರು ನೀರಾದ ಒಂದೆಲಗದ ತಂಬುಳಿ, ಕಿವುಚಿದ ಬಾಳೆಹಣ್ಣು, ಒಂದು ಸ್ವಲ್ಪ ಐಸ್‌ಕ್ರೀಂ ಕೊಟ್ರೂ ತಪ್ಪಿಲ್ಲ. ಜ್ವರದಲ್ಲಿ ತಣ್ಣಗಿನದ್ದು ಕೊಟ್ರೆ ಕಫ ಆಗ್ತದೆ ಅಂತ ಮನೇಲಿ ಜಗಳ ಬರ್ತದೆ ಗೊತ್ತು, ಈ ಮೂರು ದಿನ ತಣ್ಣಗಿನದ್ದೇ ಅವನಿಗೆ ಔಷಧಿ, ನಾನು ಹೇಳಿದ್ದೇನೆ ಅಂತ ಹೇಳಿ. ಮುರುಗಲು ಹಣ್ಣಿನ ಜ್ಯೂಸ್, ಲಿಂಬೆ, ಕಿತ್ತಳೆ, ಸಾರು, ಉಪ್ಪಿನಕಾಯಿ ರಸ, ಬಿಸಿ ಹಾಲು ಇವು ಉರಿ ತರ್ತವೆ. ಒಆರ್‌ಎಸ್ ಕೊಡೋದಾದ್ರೆ ಒಂದು ಲೀಟರ್‌ನ ಪ್ಯಾಕೆಟ್ಟನ್ನ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, ಲೋಟಕ್ಕೆ ಅಂದಾಜು ಮೇಲೆ ಪುಡಿ ಉದುರಿಸೋದು ಬೇಡ. ಅನ್ನ ತಿಂದಿಲ್ಲ ಅಂತ ಕೊರಗ್ಬೇಡಿ, ಮೂರು ದಿನ ಅನ್ನ ಇಲ್ಲದೆ ಇದ್ರೆ ನಡೀತದೆ, ನೀರಿಲ್ಲದೆ ನಡೆಯೋದಿಲ್ಲ.

ಸಾಕಷ್ಟು ಹೋಗಿದೆಯಾ ಇಲ್ವಾ ಅನ್ನೋಕೆ ಉಚ್ಚೆ ನೋಡಿ. ಕೊನೇ ಸಲ ಎಷ್ಟು ಗಂಟೆಗೆ ಹೊಯ್ದ ಅಂತ ಕ್ಯಾಲೆಂಡರ್ ಮೇಲೆ ಬರೀತಾ ಹೋಗಿ, ಡೈಪರ್ ಹಾಕೋ ಅಭ್ಯಾಸ ಇದ್ರೆ ಈ ಮೂರು ದಿನ ಬಟ್ಟೆಯದ್ದೇ ಹಾಕಿ ಆಗ ಒದ್ದೆಯಾಗಿದ್ದು ಗೊತ್ತಾಗ್ತದೆ. ಎಂಟು ಗಂಟೆ ಉಚ್ಚೆ ಇಲ್ಲ, ಅಳೋವಾಗ ಕಣ್ಣೀರು ಬರ್ತಿಲ್ಲ, ನಾಲಿಗೆ ಒಣಗಿ ಅಂಟಂಟು, ಕಣ್ಣು ಒಳಗೆ ಹೋಗಿದೆ ಅಂದ್ರೆ ಆಸ್ಪತ್ರೆಗೆ ಹೋಗ್ಲೇಬೇಕು, ಡ್ರಿಪ್ ಬೇಕಾಗ್ತದೆ. ಆದ್ರೆ ನೀವಿರೋದು ಹಳ್ಳಿಯಲ್ಲಿ, ಮಳೆಗಾಲದಲ್ಲಿ ರಾತ್ರಿ ಹೊತ್ತು ಗಾಡಿ ಸಿಗೋದು, ಮರ ಬಿದ್ದ ರಸ್ತೆ, ಇದೆಲ್ಲ ಲೆಕ್ಕಕ್ಕೆ ಹಿಡೀಬೇಕು. ಸಾಯಂಕಾಲದ ಹೊತ್ತಿಗೆ ಆರು ಗಂಟೆ ಆಯ್ತು ಉಚ್ಚೆ ಹೊಯ್ದಿಲ್ಲ, ಕುಡಿಯೋದನ್ನೂ ಪೂರ್ತಿ ನಿಲ್ಲಿಸಿದ್ದಾನೆ ಅಂದ್ರೆ ಎಂಟು ತುಂಬಲಿ ಅಂತ ಕಾಯ್ಬೇಡಿ, ಬೆಳಕಿರೋವಾಗಲೇ ಹೊರಡಿ.

ಇನ್ನು ಎ71 ಬಗ್ಗೆ ಹೇಳ್ತೇನೆ ಅಂದಿದ್ದೆ. ನೂರಾರು ಮಕ್ಕಳಿಗೆ ಇದು ಸುಮ್ನೆ ಬಂದು ಹೋಗೋ ಕಾಯಿಲೆ, ತೀರಾ ಅಪರೂಪಕ್ಕೆ, ಹೆಚ್ಚಾಗಿ ಈ ಎ71 ವೈರಸ್‌ನಿಂದ, ಮೆದುಳು ಮತ್ತು ಹೃದಯಕ್ಕೆ ತೊಂದರೆ ಆಗ್ತದೆ. ಯಾವ ವೈರಸ್ ಅಂತ ಗುಳ್ಳೆ ನೋಡಿ ಗೊತ್ತಾಗೋದಿಲ್ಲ, ಅದಕ್ಕೇ ಮಗುವಿನ ನಡವಳಿಕೆ ನೋಡ್ಬೇಕು. ಮೆದುಳು, ಹೃದಯದ ಈ ತೊಂದರೆ ಬರೋದಾದ್ರೆ ಹೆಚ್ಚಾಗಿ ಮೊದಲ ಐದು ದಿನದೊಳಗೆ ಬರ್ತದೆ, ಹಾಗಾಗಿ ನಿಮಗೆ ಇವತ್ತು ನಾಳೆ ಕಣ್ಣಿಡೋ ಸಮಯ. ನಿದ್ದೆ ಹತ್ತೋ ಹೊತ್ತಿಗೆ ಬೆಚ್ಚಿ ಬಿದ್ದ ಹಾಗೆ ಕೈಕಾಲು ಪದೇ ಪದೇ ಝಾಡಿಸೋದು ಇದರ ಮೊದಲ ಗುರುತು. ಒಂದೆರಡು ಸಲ ಬೆಚ್ಚೋದು ಎಲ್ಲ ಮಕ್ಕಳಿಗೂ ಇದೆ, ಒಂದು ಗಂಟೆಯಲ್ಲಿ ಮತ್ತೆ ಮತ್ತೆ ಆಗ್ತಾ ಇದ್ರೆ ಬಿಡ್ಬೇಡಿ, ಸಾಧ್ಯ ಆದ್ರೆ ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ಡಾಕ್ಟ್ರಿಗೆ ಅದು ತುಂಬಾ ಉಪಯೋಗ. ಇದರ ಜೊತೆ ಮಂಕಾಗಿ ಎಬ್ಬಿಸಿದ್ರೂ ಸರಿಯಾಗಿ ಏಳದಿರೋದು, ನಿಂತ್ರೆ ವಾಲೋದು, ಮತ್ತೆ ಮತ್ತೆ ವಾಂತಿ, ಉಸಿರು ಜೋರು, ಕೈಕಾಲು ತಣ್ಣಗೆ ಬಣ್ಣಗೆಟ್ಟ ಹಾಗೆ, ಫಿಟ್ಸ್, ಇಲ್ಲವೇ ಜ್ವರ ಮೂರು ದಿನ ದಾಟಿಯೂ 102 ಮೇಲೆ ಏರ್ತಾನೇ ಇರೋದು, ಇದರಲ್ಲಿ ಯಾವುದು ಒಂದು ಇದ್ರೂ ಊರಿನ ಕ್ಲಿನಿಕ್ಕಲ್ಲಿ ನಿಲ್ಲದೆ ಮಕ್ಕಳ ಡಾಕ್ಟ್ರು, ಐಸಿಯು ಇರೋ ಕಡೆಗೆ ಹೋಗಿ, 108ಕ್ಕೆ ಫೋನ್ ಮಾಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದ್ರೂ ಆಯ್ತು. ನಾಳೆ ರಾತ್ರಿಯೂ ಜ್ವರ ಹಾಗೇ ಇದ್ರೆ, ಬೇರೆ ಯಾವ ಲಕ್ಷಣ ಇಲ್ಲದಿದ್ರೂ ಶನಿವಾರ ಬೆಳಗ್ಗೆ ತೋರಿಸಿ, ಆಗ ಡೆಂಗ್ಯೂ ಪರೀಕ್ಷೆ ಬೇಕಾ ಅಂತಾನೂ ಡಾಕ್ಟ್ರು ನೋಡ್ತಾರೆ.

ಮೂರು ತಿಂಗಳ ಮಗುವಿನ ವಿಷಯ ನೀವು ಬರೆಯದೇ ಇದ್ದಿದ್ರೆ ನಾನೇ ಕೇಳ್ತಿದ್ದೆ. ಈ ವೈರಸ್ ಎಂಜಲು, ಮೂಗಿನ ಸಿಂಬಳ, ಗುಳ್ಳೆ ನೀರು, ಮಲ ಎಲ್ಲದರಲ್ಲೂ ಇರ್ತದೆ. ಮೊದಲ ವಾರ ಅಂಟೋದು ಜಾಸ್ತಿ, ಆದ್ರೆ ಗುಳ್ಳೆ ಹೋದ ಮೇಲೂ ಮಲದಲ್ಲಿ ಎಷ್ಟೋ ವಾರ ಬರ್ತಾ ಇರ್ತದೆ, ಇದನ್ನೇ ಮನೆಯವರು ಮರೆಯೋದು. ಸಾಧ್ಯ ಆದ್ರೆ ವಾರಗಿತ್ತಿ ಮಗುವನ್ನ ಕರ್ಕೊಂಡು ಒಂದು ವಾರ ಹತ್ತು ದಿನ ಬೇರೆ ಕೋಣೆಯಲ್ಲಿರಲಿ, ಮಗ ಹೋಗಿ ಪಾಪುಗೆ ಮುತ್ತು ಕೊಡೋದು, ಅದರ ಕೈ ಹಿಡಿಯೋದು ಬೇಡ. ಅವನನ್ನ ತೊಳೆದವರು ಸೋಪು ಹಾಕಿ ಕೈ ತೊಳೆದೇ ಆ ಮಗು ಮುಟ್ಟಬೇಕು, ಇದನ್ನ ಗುಳ್ಳೆ ಹೋದ ಮೇಲೂ ಎರಡು ತಿಂಗಳು ಮುಂದುವರಿಸಿ. ಸ್ಯಾನಿಟೈಸರ್ ಹಚ್ಚಿದೆ ಅಂತ ನೆಚ್ಕೋಬೇಡಿ, ಈ ಜಾತಿ ವೈರಸ್‌ಗೆ ಆಲ್ಕೋಹಾಲ್ ಸರಿಯಾಗಿ ತಾಗೋದಿಲ್ಲ, ಸೋಪು ನೀರಲ್ಲಿ ಇಪ್ಪತ್ತು ಸೆಕೆಂಡ್ ಉಜ್ಜಿ ತೊಳೆದು ಹರಿಸಿಬಿಡೋದೇ ಸರಿ. ಆಟದ ಸಾಮಾನು, ಶೌಚಕ್ಕೆ ಕೂರಿಸೋ ಪಾಟ್, ಅವನು ಹೊಲಸು ಮಾಡಿದ ನೆಲದ ಭಾಗ ಮೊದಲು ಸೋಪಲ್ಲಿ ತೊಳೆದು ಆಮೇಲೆ ಒಂದು ಲೀಟರ್ ನೀರಿಗೆ ನಾಲ್ಕು ಟೀ ಚಮಚ ಬ್ಲೀಚ್ ದ್ರಾವಣ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ಚೊಕ್ಕ ನೀರಲ್ಲಿ ತೊಳೀರಿ. ಮಳೆಗೆ ಬಟ್ಟೆ ಒಣಗೋದಿಲ್ಲ ಅಂತ ಎಲ್ರೂ ಒಂದೇ ಟವೆಲ್ ಬಳಸ್ತಾರೆ, ಅವನ ಟವೆಲ್, ಚಮಚ, ಲೋಟ ಬೇರೆ ಇಡಿ, ಟವೆಲನ್ನ ಬಿಸಿನೀರಲ್ಲಿ ಒಗೆದು ಬಚ್ಚಲ ಒಲೆ ಹತ್ರ ಒಣಗಿಸಿ. ಪಾಪುಗೆ ಜ್ವರ ಬಂದ್ರೆ ಗುಳ್ಳೆ ಬರ್ಲಿ ಬಿಡ್ಲಿ ಅದೇ ದಿನ ತೋರಿಸ್ಬೇಕು, ಮೂರು ತಿಂಗಳ ಮಗುವಿನ ಜ್ವರವನ್ನ ಮನೇಲಿ ನೋಡ್ತಾ ಕೂರೋ ಹಾಗಿಲ್ಲ. ದೊಡ್ಡವರಿಗೂ ಅಂಟಬಹುದು, ನಿಮಗೇ ಗಂಟಲು ನೋವು ಬಂದು ಅಂಗೈಯಲ್ಲಿ ನಾಲ್ಕು ಗುಳ್ಳೆ ಎದ್ರೆ ಇದೇ ಅಂತ ತಿಳ್ಕೊಳ್ಳಿ. ಮನೇಲಿ ಬಸುರಿ ಯಾರಾದ್ರೂ ಇದ್ರೆ ಅವರ ಡಾಕ್ಟ್ರಿಗೆ ಒಂದು ಮಾತು ತಿಳಿಸಿಡಿ, ಅದರಲ್ಲೂ ಹೆರಿಗೆ ದಿನ ಹತ್ರ ಇದ್ರೆ.

ಅಂಗನವಾಡಿಗೆ ಯಾವಾಗ ಕಳಿಸೋದು ಅಂತ ನೀವು ಕೇಳಿಲ್ಲ, ಆದ್ರೆ ಮುಂದಿನ ವಾರ ಈ ಪ್ರಶ್ನೆ ಬರ್ತದೆ. ಜ್ವರ ಪೂರ್ತಿ ಹೋಗಿ ಒಂದು ದಿನ ಆಗಿರಬೇಕು, ಜೊಲ್ಲು ನಿಂತಿರಬೇಕು, ಗುಳ್ಳೆಯೆಲ್ಲ ಒಣಗಿರಬೇಕು. ನಿಮ್ಮ ಲೆಕ್ಕದಲ್ಲಿ ಅದು ಮುಂದಿನ ಗುರುವಾರದ ಆಸುಪಾಸು, ಅದಕ್ಕಿಂತ ಮೊದಲು ಬೇಡ. ಮಲದಲ್ಲಿ ವೈರಸ್ ಹೋಗೋವರೆಗೆ ಮನೇಲಿಟ್ಕೊಳ್ಳೋಕೆ ಯಾರಿಂದಲೂ ಆಗೋದಿಲ್ಲ, ಟೀಚರಿಗೆ ವಿಷಯ ಹೇಳಿ, ಶೌಚದ ನಂತರ ಕೈ ತೊಳೆಸಿ ಅಂತ ಕೇಳ್ಕೊಳ್ಳಿ.

ಕೊನೇದಾಗಿ, ಎಲ್ಲ ವಾಸಿಯಾದ ಮೇಲೆ ಬರೋ ಎರಡು ಸಂಗತಿ, ಇವುಗಳಿಗೆ ಹೆದರಿ ಮತ್ತೆ ಓಡಿ ಬರ್ತಾರೆ. ಒಂದು, ಎರಡು ಮೂರು ವಾರ ಆದ ಮೇಲೆ ಅಂಗೈ ಅಂಗಾಲಿನ ಚರ್ಮ ಸುಲಿದು ಹಾಳೆ ಹಾಳೆ ಎದ್ದು ಬರಬಹುದು, ನೋವಿರೋದಿಲ್ಲ, ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ, ಎಳೀಬೇಡಿ (ಆದ್ರೆ ಜ್ವರ ಐದು ದಿನ ಬಿಡದೆ ಇದ್ದು, ಕಣ್ಣು ತುಟಿ ಕೆಂಪಾಗಿ, ಆಮೇಲೆ ಬೆರಳ ತುದಿ ಸುಲಿದ್ರೆ ಅದು ಬೇರೆ ಕಾಯಿಲೆ, ತಡ ಮಾಡದೆ ತೋರಿಸ್ಬೇಕು). ಎರಡು, ಒಂದೂವರೆ ಎರಡು ತಿಂಗಳ ಹೊತ್ತಿಗೆ ಉಗುರು ಬುಡದಿಂದ ಬಿಟ್ಟುಕೊಂಡು ಮೇಲೆದ್ದು ಉದುರಬಹುದು, ಒಂದೆರಡು ಬೆರಳಲ್ಲಿ, ಕೆಲವ್ರಿಗೆ ಜಾಸ್ತಿ ಬೆರಳಲ್ಲಿ. ಎ6 ಬಂದ ಮಕ್ಕಳಲ್ಲಿ ಇದು ಜಾಸ್ತಿ. ಕಾಯಿಲೆ ಹೊತ್ತಲ್ಲಿ ಉಗುರು ಬೆಳೆಯೋದು ಸ್ವಲ್ಪ ದಿನ ನಿಂತಿತ್ತು, ಆ ಬಿಟ್ಟ ಜಾಗ ಈಗ ಮೇಲೆ ಬಂದಿದೆ ಅಷ್ಟೇ, ಅಡಿಯಲ್ಲಿ ಹೊಸ ಉಗುರು ಬರ್ತಾ ಇರ್ತದೆ. ಕ್ಯಾಲ್ಸಿಯಂ ಟಾನಿಕ್ ಬೇಡ, ಫಂಗಸ್ ಔಷಧಿ ಬೇಡ, ಬಟ್ಟೆಗೆ ಸಿಕ್ಕಿ ಎಳೆಯದ ಹಾಗೆ ಎದ್ದ ಭಾಗವನ್ನ ಕತ್ತರಿಸಿ ಇಟ್ಕೊಳ್ಳಿ.

ಮುಂದಿನ ವರ್ಷ ಮತ್ತೆ ಬಂದ್ರೂ ಬರಬಹುದು, ಒಂದು ವೈರಸ್ ಬಂದು ಹೋದ್ರೆ ಅದೊಂದಕ್ಕೆ ಮಾತ್ರ ಶಕ್ತಿ ಬರೋದು, ಗುಂಪಲ್ಲಿ ಬೇರೆಯವು ಇದ್ದಾವೆ. ಇದಕ್ಕೆ ನಮ್ಮಲ್ಲಿ ಹಾಕೋ ಲಸಿಕೆ ಇಲ್ಲ, ಚೀನಾದಲ್ಲಿ ಎ71ಗೆ ಮಾತ್ರ ಇದೆ. ಶನಿವಾರ ಬೆಳಗ್ಗೆ ಮಗ ಹೇಗಿದ್ದಾನೆ, ಜ್ವರ ಎಷ್ಟು, ಹಿಂದಿನ ದಿನ ಎಷ್ಟು ಸಲ ಉಚ್ಚೆ ಹೊಯ್ದ, ಈ ಮೂರು ಬರೆದು ತಿಳಿಸಿ.